ಮಾತ್ರೆ ಒಂದೇ, ಔಷಧಿ ಮೂರು: ಎಚ್‌ಐವಿ ಚಿಕಿತ್ಸೆಯ ಹಿಂದಿನ ಲೆಕ್ಕ

ತಂಗಿ ಮದುವೆಗೆ ಅಂತ ಊರಿಗೆ ಹೋಗಿದ್ದ ಗೆಳೆಯನೊಬ್ಬ ಕಳೆದ ವರ್ಷ ಒಂದು ರಾತ್ರಿ ಫೋನ್ ಮಾಡಿದ. ಅವನಿಗೆ ಎಚ್‌ಐವಿ ಇದೆ, ಅದು ಗೊತ್ತಿರುವ ನಾಲ್ಕೈದು ಜನರಲ್ಲಿ ನಾನೂ ಒಬ್ಬ. ಮಾತ್ರೆಯ ಡಬ್ಬಿಯನ್ನು ಅವನು ಬೆಂಗಳೂರಿನ ರೂಮಲ್ಲೇ ಬಿಟ್ಟು ಹೋಗಿದ್ದ. ಮರೆತಿದ್ದಲ್ಲ. ನೆಂಟರ ಮಧ್ಯೆ ಬ್ಯಾಗಿನೊಳಗೆ ಡಬ್ಬಿ ಗಲಗಲ ಅಂದರೆ ಯಾರಾದರೂ ಏನದು ಅಂತ ಕೇಳುತ್ತಾರೆ ಅನ್ನೋ ಭಯ.

"ನಾಲ್ಕು ದಿನ ಆಯ್ತು ಕಣೋ, ಏನೂ ಆಗಿಲ್ಲ. ಒಂದೇ ಮಾತ್ರೇಲಿ ಮೂರು ಔಷಧಿ ತುಂಬಿದಾರಂತೆ. ಅಷ್ಟು ಸ್ಟ್ರಾಂಗ್ ಇರೋದು ಇನ್ನೆರಡು ದಿನ ತಡೆಯಲ್ವಾ?" ಅಂದ.

ಮೂರು ಔಷಧಿ ಅಂದರೆ ಮೂರು ಪಟ್ಟು ಶಕ್ತಿ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಅದು ಶಕ್ತಿಯ ಲೆಕ್ಕ ಅಲ್ಲ, ಸಂಭವನೀಯತೆಯ ಲೆಕ್ಕ. ಎಂಜಿನಿಯರಿಂಗ್ ಓದಿ ಆ ಕೆಲಸ ಬಿಟ್ಟ ನನಗೆ ಇವತ್ತಿಗೂ ಉಪಯೋಗಕ್ಕೆ ಬರುವ ಕೆಲವೇ ಪಾಠಗಳಲ್ಲಿ ಅದೂ ಒಂದು.

ವೈರಸ್ಸಿನ ದಾರಿ, ಔಷಧಿಯ ಅಡ್ಡಗಟ್ಟೆ

ಎಚ್‌ಐವಿ ತಾನಾಗಿ ಬೆಳೆಯಲಾರದು. ನಮ್ಮ ರೋಗನಿರೋಧಕ ವ್ಯವಸ್ಥೆಯ ಸಿಡಿ4 ಕೋಶದೊಳಗೆ ನುಗ್ಗಿ, ಅಲ್ಲಿನ ಯಂತ್ರಗಳನ್ನೇ ಬಳಸಿ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತೆ. ಮೊದಲು ಕೋಶದ ಹೊರಮೈಗೆ ಅಂಟಿ ಒಳಗೆ ಬರುತ್ತೆ. ಮರಾವಿರೋಕ್‌ನಂಥ ಪ್ರವೇಶ ತಡೆಗಳು ಕೆಲಸ ಮಾಡುವುದು ಈ ಬಾಗಿಲಲ್ಲಿ.

ಒಳಗೆ ಬಂದ ವೈರಸ್ ಬಳಿ ಇರುವುದು ಆರ್‌ಎನ್‌ಎ. ಅದನ್ನು ಡಿಎನ್‌ಎ ಭಾಷೆಗೆ ಬರೆಯುವ ಗುಮಾಸ್ತನ ಹೆಸರು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಇವನನ್ನು ಎರಡು ರೀತಿಯಲ್ಲಿ ತಡೆಯಬಹುದು. ಟೆನೊಫೊವಿರ್, ಲ್ಯಾಮಿವುಡಿನ್ ಥರದವು ನಕಲಿ ಅಕ್ಷರಗಳು. ಅಸಲಿ ಅಂತ ತಿಳಿದು ಅವನು ಸಾಲಿಗೆ ಸೇರಿಸಿಕೊಂಡರೆ, ಅದರ ಮುಂದೆ ಇನ್ನೊಂದು ಅಕ್ಷರ ಕೂರುವುದಿಲ್ಲ, ಬರಹ ಅಲ್ಲಿಗೇ ನಿಲ್ಲುತ್ತೆ. ನೆವಿರಪಿನ್, ಎಫಾವಿರೆಂಜ್ ಥರದವು ಅಕ್ಷರವಾಗುವುದಿಲ್ಲ, ಗುಮಾಸ್ತನ ಕೈಯನ್ನೇ ಹಿಡಿದುಬಿಡುತ್ತವೆ.

ಬರೆದು ಮುಗಿದ ಡಿಎನ್‌ಎಯನ್ನು ನಮ್ಮ ಡಿಎನ್‌ಎಯೊಳಗೆ ಹೊಲಿಯುವ ಕೆಲಸ ಇಂಟಿಗ್ರೇಸ್‌ನದು. ಡೊಲುಟೆಗ್ರವಿರ್ ತಡೆಯುವುದು ಈ ಹೊಲಿಗೆಯನ್ನು. ಹೊಲಿಗೆ ಒಮ್ಮೆ ಬಿತ್ತೆಂದರೆ ಅದನ್ನು ಬಿಚ್ಚುವ ಮಾತ್ರೆ ಇಲ್ಲ. ಜೀವನಪೂರ್ತಿ ಔಷಧಿ ಬೇಕಾಗುವುದು ಇದಕ್ಕೇ. ಕೊನೆಗೆ ಹೊಸ ವೈರಸ್ಸಿನ ಉದ್ದದ ಪ್ರೋಟೀನನ್ನು ಅಳತೆಗೆ ಕತ್ತರಿಸುವ ಪ್ರೋಟಿಯೇಸ್ ಎಂಬ ಕತ್ತರಿ ಬರುತ್ತೆ. ಲೊಪಿನಾವಿರ್, ಅಟಾಜನಾವಿರ್ ಆ ಕತ್ತರಿಯನ್ನು ಹಿಡಿಯುತ್ತವೆ. ಆಗ ಹೊರಬರುವ ವೈರಸ್ ಸೋಂಕು ಹಚ್ಚಲಾರದ ಅರೆಬರೆ ಸರಕು.

ಗುಮಾಸ್ತನ ತಪ್ಪು, ವೈರಸ್ಸಿನ ಲಾಭ

ಹಾಗಾದರೆ ಒಂದು ಕಡೆ ಗಟ್ಟಿಯಾಗಿ ಅಡ್ಡಗಟ್ಟಿದರೆ ಸಾಲದಾ? 1987ರಲ್ಲಿ ಮೊದಲ ಔಷಧಿ ಜಿಡೊವುಡಿನ್ ಬಂದಾಗ ಮಾಡಿದ್ದು ಅದನ್ನೇ. ತಿಂಗಳುಗಳು ಕಳೆಯುವಷ್ಟರಲ್ಲಿ ಅದು ನಾಟದ ವೈರಸ್‌ಗಳು ಕಾಣಿಸಿಕೊಂಡವು.

ಕಾರಣ ಆ ಗುಮಾಸ್ತ. ಎಚ್‌ಐವಿಯ ಇಡೀ ಬರಹ ಸುಮಾರು 10 ಸಾವಿರ ಅಕ್ಷರದ್ದು. ಅವನು ಬರೆದದ್ದನ್ನು ತಿರುಗಿ ನೋಡುವುದಿಲ್ಲ, ಹಾಗಾಗಿ ಸುಮಾರು ಮೂರು ಪ್ರತಿಗೆ ಒಂದು ತಪ್ಪು ಆಗುತ್ತೆ. ಒಂದು ನಿರ್ದಿಷ್ಟ ಜಾಗದಲ್ಲಿ ಒಂದು ನಿರ್ದಿಷ್ಟ ತಪ್ಪು ಆಗುವ ಸಾಧ್ಯತೆ ಸುಮಾರು ಲಕ್ಷಕ್ಕೆ ಒಂದು. ಕಮ್ಮಿ ಅನ್ನಿಸುತ್ತೆ. ಆದರೆ ಚಿಕಿತ್ಸೆ ಇಲ್ಲದ ದೇಹದಲ್ಲಿ ದಿನಕ್ಕೆ ಹುಟ್ಟುವ ವೈರಸ್ ಕಣಗಳು ಸುಮಾರು ಸಾವಿರ ಕೋಟಿ.

ಲ್ಯಾಮಿವುಡಿನ್ ಒಂದನ್ನೇ ಕೊಟ್ಟೆವು ಅಂತ ಇಟ್ಟುಕೊಳ್ಳಿ. ಅದನ್ನು ಸೋಲಿಸಲು ವೈರಸ್‌ಗೆ ಒಂದೇ ಒಂದು ಅಕ್ಷರದ ಬದಲಾವಣೆ ಸಾಕು, ಎಂ184ವಿ ಅಂತ ಅದರ ಹೆಸರು. ಸಾವಿರ ಕೋಟಿಯಲ್ಲಿ ಲಕ್ಷಕ್ಕೆ ಒಂದು ಅಂದರೆ ಒಂದು ಲಕ್ಷ. ಅಂದರೆ ಮಾತ್ರೆ ನುಂಗುವ ಮೊದಲೇ ಅದನ್ನು ಸೋಲಿಸುವ ವೈರಸ್ ದೇಹದಲ್ಲಿದೆ. ಔಷಧಿ ಉಳಿದವನ್ನು ತಡೆದು ಇದಕ್ಕೆ ಜಾಗ ಬಿಡಿಸಿಕೊಡುತ್ತೆ ಅಷ್ಟೇ.

ಎರಡು ಔಷಧಿಗಳನ್ನು ಒಂದೇ ಸಲ ಸೋಲಿಸಬೇಕಾದರೆ ಎರಡೂ ತಪ್ಪುಗಳು ಒಂದೇ ವೈರಸ್ಸಿನಲ್ಲಿ ಆಗಬೇಕು. ಲಕ್ಷವನ್ನು ಲಕ್ಷದಿಂದ ಗುಣಿಸಿದರೆ ಸಾವಿರ ಕೋಟಿಗೆ ಒಂದು, ಅಂದರೆ ದಿನಕ್ಕೊಂದು ಹುಟ್ಟಬಹುದು. ಮೂರನ್ನೂ ಸೋಲಿಸುವಂಥದ್ದು ಇದೇ ಲೆಕ್ಕದಲ್ಲಿ ಲಕ್ಷ ದಿನಕ್ಕೊಂದು, ಅಂದರೆ ಸುಮಾರು 270 ವರ್ಷಕ್ಕೊಮ್ಮೆ. ಇದು ಒರಟು ಲೆಕ್ಕ, ಆದರೆ 1996ರಲ್ಲಿ ತ್ರಿವಳಿ ಚಿಕಿತ್ಸೆ ಎಚ್‌ಐವಿಯ ಚಿತ್ರವನ್ನೇ ಬದಲಿಸಿದ್ದರ ತಿರುಳು ಇದೇ.

ಒಟ್ಟಿಗೆ ಅನ್ನೋದೇ ಮುಖ್ಯ

ಈ ಗುಣಾಕಾರಕ್ಕೆ ಒಂದು ಷರತ್ತಿದೆ: ಮೂರೂ ಒಂದೇ ಹೊತ್ತಿಗೆ ರಕ್ತದಲ್ಲಿರಬೇಕು. ಒಂದು ಸೋತ ಮೇಲೆ ಇನ್ನೊಂದನ್ನು ಸೇರಿಸಿದರೆ ಗುಣಾಕಾರ ಹೋಗಿ ಬರೀ ಕೂಡಿಸುವ ಲೆಕ್ಕ ಆಗುತ್ತೆ. ವೈರಸ್ ಒಂದೊಂದೇ ಮೆಟ್ಟಿಲು ಹತ್ತುತ್ತೆ. 90ರ ದಶಕದ ಆರಂಭದಲ್ಲಿ ಎಷ್ಟೋ ರೋಗಿಗಳಿಗೆ ಆಗಿದ್ದು ಇದೇ.

ಮಾತ್ರೆ ಬಿಟ್ಟಾಗಲೂ ಇದೇ ಅಪಾಯ. 2004ರಲ್ಲಿ ಕರ್ನಾಟಕವೂ ಸೇರಿ ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ ಸರ್ಕಾರ ಉಚಿತ ಚಿಕಿತ್ಸೆ ಶುರು ಮಾಡಿದಾಗ ಕೊಡುತ್ತಿದ್ದ ಮಾತ್ರೆಯಲ್ಲಿ ನೆವಿರಪಿನ್ ಇತ್ತು. ಅದನ್ನು ಥಟ್ಟನೆ ನಿಲ್ಲಿಸಿದರೆ ಜೊತೆಯ ಎರಡು ಔಷಧಿಗಳು ಬೇಗ ಇಳಿದುಹೋಗುತ್ತಿದ್ದವು, ನೆವಿರಪಿನ್ ಮಾತ್ರ ಹಲವು ದಿನ ಉಳಿಯುತ್ತಿತ್ತು. ರೋಗಿ ಬಿಟ್ಟಿದ್ದು ಮೂರನ್ನೂ, ದೇಹದಲ್ಲಿ ನಡೆದಿದ್ದು ಒಂಟಿ ಔಷಧಿಯ ಚಿಕಿತ್ಸೆ. ಆ ಒಂಟಿ ಔಷಧಿಯನ್ನು ಸೋಲಿಸಲೂ ಒಂದೇ ಬದಲಾವಣೆ ಸಾಕಿತ್ತು.

ಈಗಿನ ಮಾತ್ರೆ, ಟಿಎಲ್‌ಡಿ, ಹೆಚ್ಚು ಸಹಿಸಿಕೊಳ್ಳುತ್ತೆ. 300 ಮಿಲಿಗ್ರಾಂ ಟೆನೊಫೊವಿರ್, 300 ಲ್ಯಾಮಿವುಡಿನ್, 50 ಡೊಲುಟೆಗ್ರವಿರ್. ಇಲ್ಲಿನ ಜೋಡಣೆ ಚೆನ್ನಾಗಿದೆ: ಲ್ಯಾಮಿವುಡಿನ್ ಸೋಲಿಸುವ ಎಂ184ವಿ ಬದಲಾವಣೆ ವೈರಸ್ಸನ್ನು ಸ್ವಲ್ಪ ನಿತ್ರಾಣ ಮಾಡಿ, ಟೆನೊಫೊವಿರ್‌ಗೆ ಇನ್ನಷ್ಟು ಬಗ್ಗುವಂತೆ ಮಾಡುತ್ತೆ. ಡೊಲುಟೆಗ್ರವಿರ್ ಸೋಲಿಸಲು ಸಾಮಾನ್ಯವಾಗಿ ಒಂದು ಬದಲಾವಣೆ ಸಾಲದು. ಅದಕ್ಕೇ ಈಗ ಕೆಲವರಿಗೆ ಡೊಲುಟೆಗ್ರವಿರ್, ಲ್ಯಾಮಿವುಡಿನ್ ಎರಡನ್ನೇ ಕೊಡುವುದೂ ಉಂಟು. ಮೂರು ಅನ್ನೋದು ಮಂತ್ರಸಂಖ್ಯೆ ಅಲ್ಲ. ಆದರೆ ಅದು ವೈದ್ಯರು ಪರೀಕ್ಷೆ ಮಾಡಿ ತೆಗೆದುಕೊಳ್ಳುವ ತೀರ್ಮಾನ, ಡಬ್ಬಿ ಖಾಲಿಯಾದಾಗ ನಾವು ಮಾಡಿಕೊಳ್ಳುವ ಅಡ್ಜಸ್ಟ್‌ಮೆಂಟ್ ಅಲ್ಲ.

"ಏನೂ ಆಗಿಲ್ಲ" ಅಂತ ಗೆಳೆಯ ಅಂದನಲ್ಲ, ಅದೇ ಮೋಸ. ನಿರೋಧಕತೆಗೆ ಜ್ವರ ಇಲ್ಲ, ನೋವಿಲ್ಲ. ಅದರ ಮೊದಲ ಸುಳಿವು ಸಿಗುವುದು ವೈರಲ್ ಲೋಡ್ ಪರೀಕ್ಷೆಯಲ್ಲಿ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ ಸಂಖ್ಯೆ 1,000 ದಾಟಿದರೆ, ಮೊದಲು ಮಾತ್ರೆ ಸರಿಯಾಗಿ ನುಂಗುತ್ತಿದ್ದೀರಾ ಅಂತ ವಿಚಾರಿಸಿ, ಕೆಲವು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡುತ್ತಾರೆ. ಆಗಲೂ ಇಳಿಯದಿದ್ದರೆ ಔಷಧಿ ಸೋತಿರಬಹುದು.

ಇಷ್ಟು ಗೊತ್ತಿದ್ದೂ ನಾವು ತಪ್ಪನ್ನೆಲ್ಲ ರೋಗಿಯ ಶಿಸ್ತಿನ ಮೇಲೆ ಹಾಕುತ್ತೇವೆ. 2022ರಲ್ಲಿ ಎಚ್‌ಐವಿ ಜೊತೆ ಬದುಕುವವರು ಔಷಧಿ ಕೊರತೆ ವಿರೋಧಿಸಿ ದೆಹಲಿಯ ನ್ಯಾಕೋ ಕಚೇರಿಯಲ್ಲಿ ವಾರಗಟ್ಟಲೆ ಧರಣಿ ಕೂತಿದ್ದರು. ತಿಂಗಳ ಮಾತ್ರೆ ಕೇಳಿದವರಿಗೆ ವಾರದ್ದು ಕೊಟ್ಟು ಕಳಿಸಿದರೆ, ಮುಂದಿನ ವಾರ ಕೂಲಿ ಬಿಟ್ಟು ಬಸ್ ಹತ್ತಲಾಗದವರ ದೇಹದಲ್ಲಿ ಆ ಗುಣಾಕಾರ ಮುರಿಯುತ್ತೆ. ದಾಸ್ತಾನು ಖಾಲಿ ಅನ್ನೋದು ಸ್ಟೋರ್ ರೂಮಿನ ಸಮಸ್ಯೆ ಅಲ್ಲ, ಅದು ವೈರಸ್‌ಗೆ ಕೊಡುವ ಕಾಲಾವಕಾಶ.

ಗೆಳೆಯನಿಗೆ ನಾನು ಲೆಕ್ಕ ಎಲ್ಲ ಹೇಳಲಿಲ್ಲ. "ನಾಳೆ ಬೆಳಿಗ್ಗೆ ನಿನ್ನ ಸೆಂಟರ್‌ಗೆ ಫೋನ್ ಮಾಡು, ಬಾಕಿ ಆಮೇಲೆ" ಅಂದೆ. ಅಲ್ಲಿನ ಆಪ್ತ ಸಮಾಲೋಚಕಿ ಬೈಯಲಿಲ್ಲ, ಹತ್ತಿರದ ಜಿಲ್ಲಾ ಕೇಂದ್ರದಲ್ಲಿ ಮಾತ್ರೆ ಸಿಗುವಂತೆ ಮಾಡಿದರು. ಈಗ ಅವನು ಡಬ್ಬಿಯೊಳಗೆ ಹತ್ತಿ ತುರುಕಿಕೊಂಡು ಓಡಾಡುತ್ತಾನೆ, ಸದ್ದಾಗಲ್ಲ.