ದಾಸರ ಪದಕ್ಕೂ ಕಾಪಿರೈಟ್ ಇದೆಯಾ?

ಸೀನಿಯರ್‌ಗಳ ಬೀಳ್ಕೊಡುಗೆಗೆ ನಾಲ್ಕು ನಿಮಿಷದ ವಿಡಿಯೊ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಸ್ಟೆಲ್‌ನಲ್ಲಿ ನಿದ್ದೆಗೆಟ್ಟು ಎಡಿಟ್ ಮಾಡಿ, ಬೆಳಿಗ್ಗೆ ನಮ್ಮ ವಿಭಾಗದ ಯೂಟ್ಯೂಬ್ ಚಾನೆಲ್‌ಗೆ ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ‘ಕಾಪಿರೈಟ್ ಕ್ಲೇಮ್’ ಎಂಬ ಸೂಚನೆ ಬಂತು. ನಾನು ಬಳಸಿದ್ದು ಒಂದು ಸಿನಿಮಾ ಹಾಡಿನ 18 ಸೆಕೆಂಡ್ ಅಷ್ಟೇ. ‘ಮೂವತ್ತು ಸೆಕೆಂಡಿನೊಳಗಿದ್ರೆ ಏನೂ ಆಗಲ್ಲ ಮಗಾ’ ಎಂದು ರೂಮ್‌ಮೇಟ್ ಧೈರ್ಯ ತುಂಬಿದ್ದ. ‘ಹಾಡಿನ ಹಕ್ಕು ಮೂಲ ಮಾಲೀಕರದ್ದು’ ಎಂದು ವಿಡಿಯೊ ಕೆಳಗೆ ಬರೆದೂ ಇದ್ದೆ.

ಅದೇ ಚಾನೆಲ್‌ನಲ್ಲಿ ಸೀನಿಯರ್‌ಗಳ ಪ್ರಾಜೆಕ್ಟ್ ವಿಡಿಯೊಗಳಿವೆ. ಎಷ್ಟೋ ಜನ ತಮ್ಮ ರೆಸ್ಯೂಮೆಯಲ್ಲಿ ಅದರ ಲಿಂಕ್ ಕೊಟ್ಟಿದ್ದಾರೆ. ಚಾನೆಲ್ಲೇ ಹೋದರೆ ಗತಿಯೇನು ಎಂದು ಕೈಕಾಲು ತಣ್ಣಗಾದವು.

ಓದಿ ನೋಡಿದಾಗ ಒಂದಿಷ್ಟು ಸಮಾಧಾನವಾಯಿತು. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಹಾಡಿನ ಕಂಪನಿಗಳು ತಮ್ಮ ಧ್ವನಿಮುದ್ರಣಗಳನ್ನು ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆಗೆ ಕೊಟ್ಟಿರುತ್ತವೆ. ನಮ್ಮ ವಿಡಿಯೊದ ಸದ್ದು ಅದಕ್ಕೆ ಹೊಂದಿದರೆ ಯಂತ್ರವೇ ಕ್ಲೇಮ್ ಹಾಕುತ್ತದೆ. ಆಗ ಜಾಹೀರಾತಿನ ಹಣ ಕಂಪನಿಗೆ ಹೋಗಬಹುದು ಅಥವಾ ವಿಡಿಯೊ ಕಾಣದಂತಾಗಬಹುದು. ಚಾನೆಲ್‌ಗೆ ಮಾತ್ರ ಕಪ್ಪುಚುಕ್ಕೆ ಬೀಳುವುದಿಲ್ಲ. ಮಾಲೀಕರು ಕಾನೂನುಬದ್ಧವಾಗಿ ‘ವಿಡಿಯೊ ತೆಗೆಯಿರಿ’ ಎಂದು ಕೇಳಿದಾಗ ಬರುವುದು ಸ್ಟ್ರೈಕ್. 90 ದಿನಗಳೊಳಗೆ ಮೂರು ಸ್ಟ್ರೈಕ್ ಬಂದರೆ ಚಾನೆಲ್ ಮುಚ್ಚಿಹೋಗುವ ಸ್ಥಿತಿ ಬರುತ್ತದೆ.

ಇನ್ನು ಮೂವತ್ತು ಸೆಕೆಂಡಿನ ಲೆಕ್ಕ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥ ಲೆಕ್ಕವೇ ಇಲ್ಲ. ಯೂಟ್ಯೂಬರ್‌ಗಳು ಹೇಳುವ ‘ಫೇರ್ ಯೂಸ್’ ಅಮೆರಿಕದ್ದು. ನಮ್ಮಲ್ಲಿರುವುದು 52ನೇ ಕಲಮಿನ ‘ಫೇರ್ ಡೀಲಿಂಗ್’. ಖಾಸಗಿ ಬಳಕೆ, ಸಂಶೋಧನೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿಯಂಥ ಉದ್ದೇಶಗಳನ್ನು ಅದು ಹೆಸರಿಸುತ್ತದೆ. ಒಂದು ಸಿನಿಮಾ ಹಾಡನ್ನೇ ವಿಮರ್ಶೆ ಮಾಡುತ್ತಾ ಅದರ ತುಣುಕು ಕೇಳಿಸಿದರೆ ವಾದಕ್ಕೆ ಆಧಾರವಿದೆ. ಬೀಳ್ಕೊಡುಗೆ ವಿಡಿಯೊಗೆ ರಂಗು ತರಲು ಅದೇ ತುಣುಕು ಹಾಕಿದರೆ ಇಲ್ಲ. ‘ಹಕ್ಕು ಮಾಲೀಕರದ್ದು’ ಎಂದು ಬರೆದರೆ ಅನುಮತಿ ಸಿಕ್ಕಂತಾಗುವುದಿಲ್ಲ. ನಮ್ಮದಲ್ಲ ಎಂದು ನಾವೇ ಒಪ್ಪಿಕೊಂಡಂತಾಗುತ್ತದೆ ಅಷ್ಟೇ.

ಆಗ ಗೆಳತಿಯೊಬ್ಬಳು, ‘ಪುರಂದರದಾಸರ ಪದ ಹಾಕೋ, ಐನೂರು ವರ್ಷದ ಹಿಂದಿನದು, ಯಾರು ಕೇಳ್ತಾರೆ?’ ಎಂದಳು. ಸಿ.ಡಿ.ಯಲ್ಲಿದ್ದ ಒಂದು ಪದ ಹಾಕಿದೆ. ಮತ್ತೆ ಕ್ಲೇಮ್!

ನಾವು ಎಡವಿದ್ದು ಇಲ್ಲೇ. ಒಂದು ಹಾಡಿನಲ್ಲಿ ಮೂರು ಪದರಗಳಿರುತ್ತವೆ: ಸಾಹಿತ್ಯ, ಸಂಗೀತ ಮತ್ತು ಧ್ವನಿಮುದ್ರಣ. ಭಾರತದಲ್ಲಿ ಸಾಹಿತ್ಯ, ಸಂಗೀತದ ಹಕ್ಕು ರಚಿಸಿದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ದಾಸರ ಸಾಹಿತ್ಯ ಎಂದೋ ಎಲ್ಲರದ್ದಾಗಿದೆ. ಆದರೆ ಧ್ವನಿಮುದ್ರಣದ ಹಕ್ಕು ಬೇರೆ. ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. ನಮ್ಮ ಸಿ.ಡಿ. 2003ರದ್ದು. ಹಾಗಾಗಿ ಅದರ ಹಕ್ಕು 2063ರ ಕೊನೆಯವರೆಗೂ ಉಳಿಯುತ್ತದೆ. ನಡುವಿನ ಪದರವನ್ನೂ ಮರೆಯುವಂತಿಲ್ಲ. ನಾವು ಈಗ ಕೇಳುವ ಅನೇಕ ದಾಸರ ಪದಗಳ ಧಾಟಿ ಇತ್ತೀಚಿನ ಸಂಗೀತಗಾರರು ಕೂಡಿಸಿದ್ದು.

ಕೊನೆಗೆ ಆ ಗೆಳತಿಯೇ ಮೋಹನ ರಾಗದಲ್ಲಿ ತನ್ನದೇ ಧಾಟಿ ಕಟ್ಟಿ ಹಾಡಿದಳು. ಫ್ಯಾನ್ ಆರಿಸಿ, ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿದೆವು. ಉಳಿದ ಕಡೆಗೆ ಯೂಟ್ಯೂಬ್‌ನ Audio Libraryಯಿಂದ ವಾದ್ಯಸಂಗೀತ ತೆಗೆದುಕೊಂಡೆ. ಅಲ್ಲಿ ಕೆಲವು ಟ್ರ್ಯಾಕ್‌ಗಳ ಪಕ್ಕ CC ಎಂಬ ಗುರುತಿರುತ್ತದೆ. ಅಂಥವುಗಳಿಗೆ ಅಲ್ಲೇ ಕೊಟ್ಟಿರುವ ಹೆಸರಿನ ಸಾಲನ್ನು ವಿವರಣೆಯಲ್ಲಿ ಹಾಕಲೇಬೇಕು. ಫೋಟೊಗಳಿಗೂ ಇದೇ ಮಾತು. ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ಉಚಿತವಲ್ಲ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಚಿತ್ರದ ಪುಟ ತೆರೆದು ಲೈಸೆನ್ಸ್ ಓದಿ, CC BY ಎಂದಿದ್ದರೆ ತೆಗೆದವರ ಹೆಸರು, ಲೈಸೆನ್ಸ್, ಲಿಂಕ್ ಮೂರನ್ನೂ ಕೊಡಬೇಕು.

ಈಗಾಗಲೇ ಕ್ಲೇಮ್ ಬಂದಿದ್ದರೆ ವಿಡಿಯೊ ಅಳಿಸಬೇಕಿಲ್ಲ. YouTube Studioದಲ್ಲಿ ಆ ಹಾಡನ್ನಷ್ಟೇ ಮ್ಯೂಟ್ ಮಾಡಬಹುದು, ಇಲ್ಲವೇ Replace song ಒತ್ತಿ ಬೇರೆ ಹಾಡು ಕೂರಿಸಬಹುದು. ಲಿಂಕ್, ವೀಕ್ಷಣೆ ಎಲ್ಲ ಹಾಗೇ ಉಳಿಯುತ್ತದೆ. ನಮ್ಮದೇ ಹಾಡಿಗೆ ಯಂತ್ರ ತಪ್ಪಾಗಿ ಕ್ಲೇಮ್ ಹಾಕಿದರೆ Dispute ಒತ್ತಬಹುದು. ಉತ್ತರಿಸಲು ಎದುರಿನವರಿಗೆ 30 ದಿನ ಸಮಯವಿರುತ್ತದೆ. ‘ಒತ್ತಿ ನೋಡೋಣ’ ಎಂದು ಮಾತ್ರ ಒತ್ತಬೇಡಿ. ಮಾಲೀಕರು ಒಪ್ಪದೆ ವಿಡಿಯೊ ತೆಗೆಸಿದರೆ, ಕ್ಲೇಮ್ ಇದ್ದ ಕಡೆ ಸ್ಟ್ರೈಕ್ ಬಂದು ಕೂರುತ್ತದೆ.

ನಮ್ಮ ವಿಡಿಯೊ ಈಗಲೂ ಚಾನೆಲ್‌ನಲ್ಲಿದೆ. ಗೆಳತಿಯ ದನಿಯ ಹಿಂದೆ ಹಾಸ್ಟೆಲ್ ನೀರಿನ ಪಂಪಿನ ಸದ್ದು ಸಣ್ಣಗೆ ಕೇಳಿಸುತ್ತದೆ. ಅದಕ್ಕೆ ಮಾತ್ರ ಇದುವರೆಗೆ ಯಾರೂ ಕ್ಲೇಮ್ ಹಾಕಿಲ್ಲ!