ಪರದೆಯ ಮೇಲೆ ಕನ್ನಡ ಕೆಟ್ಟಾಗ

ತಾಲ್ಲೂಕು ಮಟ್ಟದ ವಿಜ್ಞಾನ ಕಾರ್ಯಾಗಾರ. ಪ್ರೌಢಶಾಲೆಯ ಶಿಕ್ಷಕರೊಬ್ಬರು ಗ್ರಹಣ ಕುರಿತು ಹನ್ನೆರಡು ಸ್ಲೈಡುಗಳನ್ನು ಪೆನ್‌ಡ್ರೈವಿನಲ್ಲಿ ತಂದಿದ್ದಾರೆ. ಸಭಾಂಗಣದ ಕಂಪ್ಯೂಟರಿನಲ್ಲಿ ಮೊದಲ ಸ್ಲೈಡು ತೆರೆಯುತ್ತಿದ್ದಂತೆ ‘ಗ್ರಹಣ’ ಎಂದಿರಬೇಕಾದ ಕಡೆ ಕಾಣಿಸಿದ್ದು UÀæºÀt! ಎರಡನೆಯ ಸ್ಲೈಡಿನಲ್ಲಿ ಕನ್ನಡವೇನೋ ಇದೆ, ಆದರೆ ಅಕ್ಷರಗಳ ರೂಪವೇ ಬೇರೆ. ಕೊನೆಯ ಎರಡು ಸಾಲು ಪರದೆಯಿಂದ ಕೆಳಗಿಳಿದು ಮಾಯವಾಗಿವೆ. ‘ಫೈಲಿಗೆ ವೈರಸ್ ಬಂದಿದೆ’ ಎಂದು ಸಭೆಯಲ್ಲಿ ಯಾರೋ ಹೇಳುತ್ತಾರೆ.

ಫೈಲು ಕೆಟ್ಟಿಲ್ಲ. ಇಲ್ಲಿರುವುದು ಎರಡು ಬೇರೆ ಬೇರೆ ತೊಂದರೆ. ಎರಡಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಮೊದಲನೆಯದನ್ನು ನೋಡೋಣ. ಶೀರ್ಷಿಕೆಯನ್ನು ಆ ಶಿಕ್ಷಕರು ನುಡಿಯ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರು. ಇಂಥ ಫಾಂಟು ಬಳಸಿದಾಗ ಫೈಲಿನೊಳಗೆ ಕನ್ನಡ ಇರುವುದೇ ಇಲ್ಲ. ಇರುವುದು ಇಂಗ್ಲಿಷ್ ಹಾಗೂ ಯೂರೋಪಿನ ಲಿಪಿಯ ಚಿಹ್ನೆಗಳು. U ಎಂಬಲ್ಲಿ ಗಕಾರದ ಒಡಲನ್ನೂ À ಎಂಬಲ್ಲಿ ತಲೆಕಟ್ಟನ್ನೂ æ ಎಂಬಲ್ಲಿ ರಕಾರದ ಒತ್ತನ್ನೂ ಬರೆದು ತೋರಿಸುವುದು ಫಾಂಟಿನ ಕೆಲಸ. ಫಾಂಟು ಇಲ್ಲದ ಕಡೆ ವೇಷ ಕಳಚಿ ಮೂಲ ಚಿಹ್ನೆಗಳೇ ಹೊರಬರುತ್ತವೆ. ಯೂನಿಕೋಡ್‌ನಲ್ಲಾದರೋ ಗ, ವಿರಾಮ ಚಿಹ್ನೆ, ರ, ಹ, ಣ ಎಂಬ ಐದಕ್ಕೂ ಕನ್ನಡಕ್ಕೇ ಮೀಸಲಾದ ಸಂಕೇತಗಳಿವೆ. ಫಾಂಟು ಬದಲಾದರೂ ಪದ ಬದಲಾಗದು.

ಈ ತೊಂದರೆಗೆ ಅನೇಕರು ಮಾಡುವ ಉಪಾಯವೆಂದರೆ Replace Fonts ಆಜ್ಞೆ ಕೊಟ್ಟು ನುಡಿಯ ಜಾಗದಲ್ಲಿ Nirmala UI ಆಯುವುದು. ಇದು ವ್ಯರ್ಥ. ಫಾಂಟಿನ ಹೆಸರು ಬದಲಾದೀತೇ ಹೊರತು ಒಳಗಿನ U, À ಹಾಗೆಯೇ ಉಳಿಯುತ್ತವೆ. ಪಠ್ಯವನ್ನೇ ಪರಿವರ್ತಿಸಬೇಕು. ನುಡಿ, ಬರಹ ತಂತ್ರಾಂಶಗಳಲ್ಲಿ ಅದಕ್ಕೆಂದೇ ಪರಿವರ್ತಕವಿದೆ. ಅಲ್ಲಿ ಬದಲಿಸಿದ ಪಠ್ಯವನ್ನು ಸ್ಲೈಡಿಗೆ ಮರಳಿ ತರುವಾಗ Keep Text Only ಎಂಬ ಬಗೆಯಲ್ಲಿ ಅಂಟಿಸಿ, ಆಮೇಲೆ ಇಡೀ ಪೆಟ್ಟಿಗೆಯ ಫಾಂಟನ್ನು ಬದಲಿಸಬೇಕು. ಇಲ್ಲದಿದ್ದರೆ ಆ ಪೆಟ್ಟಿಗೆಗೆ ನುಡಿ ಫಾಂಟು ಅಂಟಿಕೊಂಡೇ ಇದ್ದು, ಮುಂದೆ CO2 ಎಂದು ಬರೆದರೆ ಅದು ಕನ್ನಡದ ಯಾವುದೋ ತುಂಡುಗಳಾಗಿ ಕಾಣುತ್ತದೆ! ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು. ‘ಸೂರ್ಯ’ದಂಥ ಪದಗಳಲ್ಲಿ ಹಳೆಯ ಫಾಂಟು ಅರ್ಕಾವತ್ತಿನ ಚಿಹ್ನೆಯನ್ನು ಯಕಾರದ ನಂತರ ಇಡುತ್ತದೆ; ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಎಡವಟ್ಟಾಗುವುದು ಇಲ್ಲಿಯೇ.

ಇನ್ನು ಎರಡನೆಯ ಸ್ಲೈಡು. ಅಲ್ಲಿಯ ಪಠ್ಯ ಯೂನಿಕೋಡ್‌ನಲ್ಲೇ ಇತ್ತು, ಫಾಂಟು ತುಂಗಾ. ವಿಂಡೋಸ್ 10ರಲ್ಲಿ ತುಂಗಾ ತಾನಾಗಿ ಬರುವುದಿಲ್ಲ. ಕನ್ನಡದ ಹೆಚ್ಚುವರಿ ಫಾಂಟುಗಳೆಂದು ಬೇರೆಯಾಗಿ ಹಾಕಿಕೊಳ್ಳಬೇಕು. ಅದು ಸಿಗದಾಗ ಕಂಪ್ಯೂಟರು ತನ್ನಲ್ಲಿರುವ ಇನ್ನೊಂದು ಕನ್ನಡ ಫಾಂಟನ್ನು ಬಳಸುತ್ತದೆ. ಎರಡರಲ್ಲೂ ಅಳತೆ 28 ಎಂದೇ ಇದ್ದರೂ ಅಕ್ಷರದ ಅಗಲ, ಸಾಲುಗಳ ಅಂತರ ಒಂದೇ ಅಲ್ಲ. ಒಂಬತ್ತು ಸಾಲು ಹನ್ನೊಂದಾಗುತ್ತದೆ, ಕೊನೆಯವು ಹೊರಗೆ ಬೀಳುತ್ತವೆ.

ಇದಕ್ಕೆ ಸುಲಭದ ದಾರಿ, ವಿಂಡೋಸ್ 8ರಿಂದೀಚೆಗೆ ಜೊತೆಗೇ ಬರುವ Nirmala UI ಬಳಸುವುದು. ಬೇರೆ ಫಾಂಟೇ ಬೇಕೆಂದರೆ File, Options, Save ಎಂದು ಹೋಗಿ Embed fonts in the file ಗುರುತಿಸಿ, ಅದರಡಿಯ Embed all characters ಆಯ್ದು ಫೈಲನ್ನು ಉಳಿಸಬೇಕು. ಆಗ ಫಾಂಟು ಫೈಲಿನೊಳಗೇ ಸೇರಿ ಪ್ರಯಾಣ ಮಾಡುತ್ತದೆ. ಆದರೆ ಹೀಗೆ ಸೇರಿಸಲು ಫಾಂಟು ತಯಾರಿಸಿದವರ ಅನುಮತಿ ಆ ಫಾಂಟಿನಲ್ಲೇ ನಮೂದಾಗಿರಬೇಕು. ಇಲ್ಲದ ಫಾಂಟು ಸೇರುವುದಿಲ್ಲ.

ಇದೆಲ್ಲ ಸರಿಯಾಯಿತೇ ಎಂದು ತಯಾರಿಸಿದ ಕಂಪ್ಯೂಟರಿನಲ್ಲೇ ಪರೀಕ್ಷಿಸಿದರೆ ಏನೂ ತಿಳಿಯದು, ಫಾಂಟು ಅಲ್ಲಿ ಇದ್ದೇ ಇರುತ್ತದಲ್ಲ! ನುಡಿ, ಬರಹ ಎರಡೂ ಇಲ್ಲದ ಇನ್ನೊಂದು ಯಂತ್ರದಲ್ಲಿ ತೆರೆದು ಹನ್ನೆರಡೂ ಸ್ಲೈಡುಗಳ ಕೊನೆಯ ಸಾಲು ನೋಡಬೇಕು. ಚಿತ್ರಗಳ ಮೇಲಿನ ಪುಟ್ಟ ಹೆಸರುಗಳನ್ನೂ ಬಿಡಬಾರದು. ಹಳೆಯ ಫಾಂಟು ಅಡಗಿ ಕೂರುವುದು ಅಲ್ಲೇ ಹೆಚ್ಚು.

ಜೊತೆಗೆ ಅದೇ ಸ್ಲೈಡುಗಳ ಒಂದು ಪಿಡಿಎಫ್ ಪ್ರತಿ ಪೆನ್‌ಡ್ರೈವಿನಲ್ಲಿರಲಿ. ಅಕ್ಷರಗಳ ಆಕಾರ ಅದರಲ್ಲೇ ಅಡಕವಾಗುವುದರಿಂದ ಎಲ್ಲಿ ತೆರೆದರೂ ಪುಟ ಕದಲದು. ಚಂದ್ರನ ನೆರಳು ಭೂಮಿಯ ಮೇಲೆ ಸರಿಯುವ ಚಲನೆ ಮಾತ್ರ ಅದರಲ್ಲಿ ಕಾಣದು. ಚಲನೆಯೇ ಮುಖ್ಯವಾದರೆ ಫಾಂಟಿನ ಫೈಲನ್ನೂ ಒಯ್ಯುವುದು ಲೇಸು. ಅದರ ಮೇಲೆ ಬಲ ಗುಂಡಿ ಒತ್ತಿ Install ಎಂದರೆ ಈಚಿನ ವಿಂಡೋಸ್‌ನಲ್ಲಿ ಆ ಬಳಕೆದಾರರ ಮಟ್ಟಿಗೆ ಫಾಂಟು ಸೇರಿಕೊಳ್ಳುತ್ತದೆ. ಪವರ್‌ಪಾಯಿಂಟ್ ಅಷ್ಟರಲ್ಲೇ ತೆರೆದಿದ್ದರೆ ಅದನ್ನು ಮುಚ್ಚಿ ಮತ್ತೆ ತೆರೆಯಬೇಕು.