ಕುಡಿದ ರಾತ್ರಿ ಶುಗರ್ ಕುಸಿದರೆ

‘ವಿಸ್ಕಿಯಲ್ಲಿ ಸಕ್ಕರೆ ಇರೋದಿಲ್ವಲ್ಲ ಡಾಕ್ಟ್ರೇ?’ ಎಂದು ಕೇಳುವ ಶುಗರ್ ರೋಗಿಗಳು ಬಹಳ. ಇರುವುದಿಲ್ಲ, ನಿಜ. ಆದರೆ ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ಮಾತ್ರೆ ನುಂಗುವವರು ಕುಡಿದಾಗ ಹೆಚ್ಚು ಹೆದರಬೇಕಾದದ್ದು ಸಕ್ಕರೆ ಕುಸಿಯುವುದಕ್ಕೆ.

ಊಟ ಜೀರ್ಣವಾದ ಮೇಲೆ ರಕ್ತಕ್ಕೆ ಸಕ್ಕರೆ ಒದಗಿಸುವ ಹೊಣೆ ಮುಖ್ಯವಾಗಿ ಲಿವರ್‌ನದು. ಕೂಡಿಟ್ಟದ್ದನ್ನು ಬಿಡುತ್ತದೆ, ಅದು ಸಾಲದಾದಾಗ ಹೊಸದಾಗಿ ತಯಾರಿಸುತ್ತದೆ. ಆಲ್ಕೊಹಾಲನ್ನು ಕರಗಿಸುವಾಗ ಈ ಹೊಸ ತಯಾರಿಕೆಗೆ ತಡೆ ಬೀಳುತ್ತದೆ. ಇತ್ತ ಗ್ಲಿಮೆಪಿರೈಡ್, ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ, ಇನ್ಸುಲಿನ್ ಬಿಡುಗಡೆ ಮಾಡಿಸುತ್ತಲೇ ಇರುತ್ತದೆ.

ಗ್ಲಿಮೆಪಿರೈಡ್ ತೆಗೆದುಕೊಳ್ಳುವ ಒಬ್ಬರು ರಾತ್ರಿ ಹತ್ತರ ಹೊತ್ತಿಗೆ ಒಂದು ಕ್ವಾರ್ಟರ್ ಮುಗಿಸಿ, ಊಟ ಬೇಡವೆಂದು ಮಲಗಿದರು ಎನ್ನಿ. ನಮ್ಮಲ್ಲಿ ಸಿಗುವ 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೊಹಾಲ್ ಇರುತ್ತದೆ. ಲಿವರ್ ಗಂಟೆಗೆ ಕರಗಿಸುವುದು ಏಳರಿಂದ ಹತ್ತು ಗ್ರಾಂ ಮಾತ್ರ. ಅಂದರೆ ಹೆಚ್ಚುಕಡಿಮೆ ಬೆಳಗಿನ ಜಾವದವರೆಗೂ ಅದಕ್ಕೆ ಇದೇ ಕೆಲಸ. ಮಲಗುವಾಗ ಗ್ಲೂಕೋಮೀಟರ್ 130 ತೋರಿಸಿದ್ದರೂ ನಾಲ್ಕು ಗಂಟೆಗೆ ಅದು 45ಕ್ಕೆ ಇಳಿದಿರಬಹುದು. 70ಕ್ಕಿಂತ ಕೆಳಗಿಳಿದರೇ ಲೋ ಶುಗರ್.

ಮನೆಯವರು ಮೋಸಹೋಗುವುದು ಇಲ್ಲೇ. ತೊದಲು ಮಾತು, ತೂರಾಟ, ಸಿಡುಕು, ಎಬ್ಬಿಸಿದರೂ ಏಳದ ಮಂಪರು ಎಲ್ಲವೂ ಅಮಲಿನಂತೆಯೇ ಕಾಣುತ್ತವೆ. ‘ಕುಡಿದಿದ್ದಾರೆ, ಮಲಗಲಿ ಬಿಡು’ ಎಂದು ಬಿಟ್ಟುಬಿಡುತ್ತಾರೆ. ತಣ್ಣನೆ ಬೆವರಿನಿಂದ ಅಂಗಿ ಒದ್ದೆಯಾಗಿದ್ದರೆ, ಕೈ ನಡುಗುತ್ತಿದ್ದರೆ ಅನುಮಾನ ಪಡಬೇಕು. ಅವಿಲ್ಲವೆಂದೂ ನಿಶ್ಚಿಂತೆ ಬೇಡ. ಬೆರಳು ಚುಚ್ಚಿ ನೋಡುವುದೊಂದೇ ಖಾತ್ರಿಯಾದ ದಾರಿ.

ಎಚ್ಚರವಿದ್ದು ನುಂಗಬಲ್ಲರಾದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿಗೆ ಕದಡಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಕಡಿಮೆಯಿದ್ದರೆ ಮತ್ತಷ್ಟು ಕೊಡಿ. ಏರಿದ ಮೇಲೆ ಅನ್ನವೋ ಇಡ್ಲಿಯೋ ತಿನ್ನಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋದೀತು. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಲಿವರ್‌ನಿಂದ ಸಕ್ಕರೆ ಬಿಡಿಸುವ ಗ್ಲುಕಗಾನ್ ಇಂಜೆಕ್ಷನ್ ಇಂಥ ರಾತ್ರಿ ಅಷ್ಟಾಗಿ ಫಲಿಸದಿರಬಹುದು, ಏಕೆಂದರೆ ಕೂಡಿಟ್ಟದ್ದೇ ಬರಿದಾಗಿರುತ್ತದೆ. ರಕ್ತನಾಳಕ್ಕೆ ಗ್ಲೂಕೋಸ್ ಏರಿಸಬೇಕಾಗುತ್ತದೆ.

ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಲೋ ಶುಗರ್ ಅಪರೂಪ. ಆದರೆ ವಿಪರೀತ ಕುಡಿದರೆ, ಅದರಲ್ಲೂ ಕಿಡ್ನಿ ಅಥವಾ ಲಿವರ್ ಸೋತಿದ್ದರೆ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಭಯವಿದೆ, ಅದು ಪ್ರಾಣಾಂತಿಕ.

ಕುಡಿಯದಿರುವುದೇ ಕ್ಷೇಮ. ಕುಡಿಯುವವರು ಊಟದ ಜೊತೆಗೇ, ಸ್ವಲ್ಪಕ್ಕೇ ನಿಲ್ಲಿಸಲಿ, ಮಲಗುವ ಮುನ್ನ ಶುಗರ್ ನೋಡಿಕೊಳ್ಳಲಿ. ಬಿಯರ್, ಕೋಲಾ ಬೆರೆಸಿದ ರಮ್ ಕುಡಿದಾಗ ಮೀಟರ್ ಮೊದಲು ಏರಿಕೆ ತೋರಿಸುತ್ತದೆ. ಅದನ್ನು ಕಂಡು ಹೆಚ್ಚುವರಿ ಇನ್ಸುಲಿನ್ ಚುಚ್ಚಿಕೊಂಡರೆ ನಡುರಾತ್ರಿಯ ಕುಸಿತ ಇನ್ನಷ್ಟು ಆಳವಾಗುತ್ತದೆ. ಆಸ್ಪತ್ರೆಯಲ್ಲಿ ಎಚ್ಚರವಾದ ಕೂಡಲೇ ಮನೆಗೆ ಹೊರಡುವ ಆತುರವೂ ಬೇಡ. ಗ್ಲಿಮೆಪಿರೈಡ್‌ನ ಪರಿಣಾಮ ಇಡೀ ದಿನ ಉಳಿಯುವುದರಿಂದ ಸಕ್ಕರೆ ಮತ್ತೆ ಇಳಿಯಬಹುದು. ಒಂದು ದಿನ ಇರಿಸಿಕೊಳ್ಳುತ್ತೇವೆಂದು ವೈದ್ಯರು ಹೇಳುವುದು ಅದಕ್ಕೇ.